ಚೌಕಾಸಿಯ ಎರಡು ಬಗೆ, ಕೈಯಲ್ಲಿರುವ ಇನ್ನೊಂದು ದಾರಿ

ಸಾಂಸ್ಥಿಕ ವರ್ತನೆಯ ಪಠ್ಯಪುಸ್ತಕಗಳು ಸಂಧಾನವನ್ನು ಎರಡು ಬಗೆಯಾಗಿ ವಿಂಗಡಿಸುತ್ತವೆ. ಮೊದಲನೆಯದು ಹಂಚಿಕೆಯ ಸಂಧಾನ. ತರಗತಿಗಳಲ್ಲಿ ಇದನ್ನು ಡಿಸ್ಟ್ರಿಬ್ಯೂಟಿವ್ ಎನ್ನುತ್ತಾರೆ. ಇಲ್ಲಿ ಹಂಚಿಕೊಳ್ಳಬೇಕಾದ ಮೊತ್ತ ಇಷ್ಟೇ ಎಂದು ನಿಗದಿಯಾಗಿರುತ್ತದೆ. ಒಬ್ಬರಿಗೆ ನೂರು ರೂಪಾಯಿ ಹೆಚ್ಚು ಸಿಕ್ಕರೆ ಇನ್ನೊಬ್ಬರಿಗೆ ಅದೇ ನೂರು ರೂಪಾಯಿ ಕಡಿಮೆಯಾಗುತ್ತದೆ. ಎರಡನೆಯದು ಸಮನ್ವಯದ ಸಂಧಾನ, ಅಂದರೆ ಇಂಟಿಗ್ರೇಟಿವ್. ಇಲ್ಲಿ ಒಂದಕ್ಕಿಂತ ಹೆಚ್ಚು ವಿಷಯಗಳು ಚರ್ಚೆಗೆ ಬರುತ್ತವೆ ಮತ್ತು ಇಬ್ಬರೂ ಆ ವಿಷಯಗಳಿಗೆ ಒಂದೇ ಬೆಲೆ ಕಟ್ಟುವುದಿಲ್ಲ. ಒಬ್ಬರಿಗೆ ಬಹಳ ಮುಖ್ಯವಾದದ್ದು ಇನ್ನೊಬ್ಬರಿಗೆ ಅಷ್ಟೇನೂ ಅಲ್ಲದಿರುವುದರಿಂದ, ಅದನ್ನು ಬಿಟ್ಟುಕೊಟ್ಟು ಬೇರೊಂದನ್ನು ಪಡೆಯಲು ದಾರಿಯಿರುತ್ತದೆ. ಹಂಚುವುದಕ್ಕೆ ಮೊದಲೇ ಒಟ್ಟು ಲಾಭ ದೊಡ್ಡದಾಗುತ್ತದೆ.

ಈ ವಿಂಗಡಣೆಯನ್ನು ನೆಲೆಗೊಳಿಸಿದ್ದು ಕಾರ್ಮಿಕ ಸಂಘ ಮತ್ತು ಆಡಳಿತ ಮಂಡಳಿಗಳ ನಡುವಿನ ಮಾತುಕತೆಯ ಅಧ್ಯಯನ. ಅಮೆರಿಕದ ರಿಚರ್ಡ್ ವಾಲ್ಟನ್ ಮತ್ತು ರಾಬರ್ಟ್ ಮೆಕರ್ಸಿ 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಮಾತುಕತೆಗಳಲ್ಲಿ ನಾಲ್ಕು ಪ್ರಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ ಎಂದು ತೋರಿಸಿದರು. ಹಂಚಿಕೆ ಮತ್ತು ಸಮನ್ವಯ ಅವುಗಳಲ್ಲಿ ಎರಡು. ಎದುರು ಪಕ್ಷದ ಮನೋಭಾವವನ್ನು ರೂಪಿಸುವುದು ಮತ್ತು ತಮ್ಮದೇ ಗುಂಪಿನೊಳಗೆ ಒಮ್ಮತ ತರುವುದು ಉಳಿದೆರಡು. ಬಿಬಿಎ, ಎಂಬಿಎ ಪ್ರಶ್ನೆಪತ್ರಿಕೆಗಳಿಗೆ ಮೊದಲ ಎರಡರ ಮೇಲೆಯೇ ಪ್ರೀತಿ. ನಾಲ್ಕಾರು ಸಾಲಿನ ಒಂದು ಸನ್ನಿವೇಶ ಕೊಟ್ಟು, ಇದು ಯಾವ ಬಗೆಯ ಸಂಧಾನ, ಈ ವ್ಯಕ್ತಿಯ ಬ್ಯಾಟ್ನಾ ಯಾವುದು, ಮುಂದೆ ಏನು ಮಾಡುವುದು ಸರಿ ಎಂದು ಕೇಳಿ, ನಾಲ್ಕು ಆಯ್ಕೆಗಳನ್ನು ಕೆಳಗೆ ಕೊಡುವುದು ರೂಢಿ. ಪ್ರಶ್ನೆ ಸುಲಭವೆನಿಸಿದರೂ ಉತ್ತರ ತಪ್ಪುವುದು ಕೆಲವೇ ಕೆಲವು ಜಾಗಗಳಲ್ಲಿ, ಮತ್ತೆ ಮತ್ತೆ ಅದೇ ಜಾಗಗಳಲ್ಲಿ.

ಮೊದಲ ತಪ್ಪು ದನಿಯನ್ನು ನೋಡಿ ಬಗೆಯನ್ನು ತೀರ್ಮಾನಿಸುವುದು. ಸನ್ನಿವೇಶದಲ್ಲಿ ಇಬ್ಬರು ನಗುನಗುತ್ತಾ ಕಾಫಿ ಕುಡಿಯುತ್ತಾ ಮಾತಾಡಿದರೆ ಸಮನ್ವಯ, ಗಟ್ಟಿ ದನಿಯಲ್ಲಿ ವಾದಿಸಿದರೆ ಹಂಚಿಕೆ ಎಂದು ಬಹಳ ಮಂದಿ ಗುರುತು ಹಾಕುತ್ತಾರೆ. ದನಿಗೂ ಬಗೆಗೂ ಸಂಬಂಧವಿಲ್ಲ. ಎಷ್ಟೇ ನಯವಾಗಿ ಮಾತಾಡಿದರೂ ಚರ್ಚೆಯಲ್ಲಿರುವುದು ಬೆಲೆಯೊಂದೇ ಆದರೆ ಅದು ಹಂಚಿಕೆಯ ಸಂಧಾನವೇ. ಜಗಳವಾಡುತ್ತಲೇ ಒಟ್ಟು ಲಾಭವನ್ನು ಹೆಚ್ಚಿಸಿಕೊಂಡ ಒಪ್ಪಂದಗಳೂ ಇವೆ. ನೋಡಬೇಕಾದದ್ದು ಚರ್ಚೆಗೆ ಎಷ್ಟು ವಿಷಯಗಳಿವೆ, ಅವುಗಳಿಗೆ ಇಬ್ಬರೂ ಕೊಡುವ ತೂಕ ಒಂದೇ ಆಗಿದೆಯೇ, ಏಕೆ ಬೇಕು ಎಂಬುದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದಾರೆಯೇ ಎಂಬುದನ್ನು.

ಒಂದು ಸನ್ನಿವೇಶವನ್ನು ಹಿಡಿದು ಹೋದರೆ ಇದು ಸ್ಪಷ್ಟವಾಗುತ್ತದೆ. ಮದುವೆ ಅಡುಗೆಯ ಕಾಂಟ್ರ್ಯಾಕ್ಟರ್ ಒಬ್ಬರು ತಮ್ಮ ಹಳೆಯ ಸರಕು ವ್ಯಾನನ್ನು ಮಾರಲು ಹೊರಟಿದ್ದಾರೆ. ಅವರು ಹೇಳುತ್ತಿರುವ ಬೆಲೆ 4,25,000 ರೂಪಾಯಿ. ಮನಸ್ಸಿನಲ್ಲಿ 3,75,000 ಬಂದರೆ ಸಾಕು ಎಂದಿದೆ. ಹಳೇ ಗಾಡಿಗಳ ಡೀಲರ್ ಒಬ್ಬ 3,25,000ಕ್ಕೆ ತಕ್ಷಣ ಕೊಳ್ಳಲು ತಯಾರಿದ್ದಾನೆ, ಆದರೆ ಕಾಗದಪತ್ರದ ಖರ್ಚೆಂದು 5,000 ಮುರಿದುಕೊಳ್ಳುತ್ತಾನೆ. ಕೊಳ್ಳಲು ಬಂದವರು ಬೇಕರಿ ಮಾಲೀಕರು. ಅವರಿಗೆ ಇದೇ ಮಾದರಿಯ, ಇಷ್ಟೇ ಹಳೆಯ ಇನ್ನೊಂದು ವ್ಯಾನು 3,70,000ಕ್ಕೆ ಸಿಗುತ್ತದೆ, ಆದರೆ ಅದರ ಟೈರುಗಳು ಸವೆದಿವೆ. ಬದಲಿಸಲು 15,000 ಬೇಕು. ಬೇಕರಿಯವರ ಆಸೆ 3,30,000ಕ್ಕೆ ಮುಗಿಸುವುದು. ಅವರು 2,90,000ದಿಂದ ಮಾತು ಶುರು ಮಾಡುತ್ತಾರೆ.

ಪ್ರಶ್ನೆ: ಮಾರುವವರ ಬ್ಯಾಟ್ನಾ ಯಾವುದು? ಆಯ್ಕೆಗಳಲ್ಲಿ 4,25,000 ಇರುತ್ತದೆ, 3,75,000 ಇರುತ್ತದೆ, ಇಬ್ಬರ ಬೆಲೆಗಳ ನಡುವಿನ ಒಂದು ಸಂಖ್ಯೆಯೂ ಇರುತ್ತದೆ. ಸರಿಯಾದ ಉತ್ತರ ಡೀಲರ್‌ಗೆ ಮಾರುವುದು. ಬ್ಯಾಟ್ನಾ ಎಂದರೆ ಈ ಮಾತುಕತೆ ಮುರಿದುಬಿದ್ದರೆ ಆ ವ್ಯಕ್ತಿ ಮಾಡಬಹುದಾದ ಕೆಲಸಗಳಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದು. ಹಾರ್ವರ್ಡ್ ಸಂಧಾನ ಯೋಜನೆಯ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಬರೆದ ‘ಗೆಟಿಂಗ್ ಟು ಯೆಸ್’ ಪುಸ್ತಕದಿಂದ ಈ ಪರಿಕಲ್ಪನೆ ಬಳಕೆಗೆ ಬಂತು. ಅದು ಒಂದು ಬೆಲೆಯಲ್ಲ, ಒಂದು ನಡೆ. ಹೇಳುವ ಬೆಲೆ ಬಾಯಿಂದ ಬಂದದ್ದು, ಗುರಿ ಬೆಲೆ ಮನಸ್ಸಿನಲ್ಲಿರುವುದು. ಇವೆರಡಕ್ಕೂ ಬ್ಯಾಟ್ನಾಕ್ಕೂ ನೇರ ಸಂಬಂಧವಿಲ್ಲ.

ಆ ನಡೆಯಿಂದ ಒಂದು ಬೆಲೆಯನ್ನು ಲೆಕ್ಕ ಹಾಕಿ ತೆಗೆಯಬೇಕು. ಅದನ್ನು ಪಠ್ಯಗಳು ಪ್ರತಿರೋಧ ಬಿಂದು ಎಂದೋ ಮೀಸಲು ಬೆಲೆ ಎಂದೋ ಕರೆಯುತ್ತವೆ. ವ್ಯಾಪಾರದಲ್ಲಿ ಕಡೇ ರೇಟು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮಾರುವವರು ಡೀಲರ್‌ನ ಹತ್ತಿರ ಹೋದರೆ ಕೈಗೆ ಬರುವುದು 3,25,000 ಅಲ್ಲ, 5,000 ಕಳೆದು 3,20,000. ಆದ್ದರಿಂದ ಬೇಕರಿಯವರಿಂದ 3,20,000ಕ್ಕಿಂತ ಕಡಿಮೆಗೆ ಒಪ್ಪಿದರೆ ನಷ್ಟ. ಕೊಳ್ಳುವವರ ಲೆಕ್ಕದಲ್ಲಿ ಖರ್ಚು ಕಳೆಯುವುದಲ್ಲ, ಕೂಡುವುದು. ಇನ್ನೊಂದು ವ್ಯಾನಿಗೆ 3,70,000, ಟೈರಿಗೆ 15,000, ಒಟ್ಟು 3,85,000. ಈ ವ್ಯಾನಿನ ಟೈರು ಚೆನ್ನಾಗಿರುವುದರಿಂದ ಇದಕ್ಕೆ 3,85,000ದವರೆಗೆ ಕೊಟ್ಟರೂ ಅವರಿಗೆ ನಷ್ಟವಿಲ್ಲ. ಪರೀಕ್ಷೆಯಲ್ಲಿ 3,25,000 ಮತ್ತು 3,70,000 ಎಂದು ಬರೆದು ಬರುವವರು ಬಹಳ. ಪರ್ಯಾಯ ದಾರಿಯ ಬೆಲೆಯನ್ನು ಹಾಗೇ ಎತ್ತಿಕೊಂಡು, ಆ ದಾರಿಯಲ್ಲಿ ನಡೆಯಲು ತಗಲುವ ಖರ್ಚನ್ನು ಮರೆಯುವುದು ಇಲ್ಲಿನ ತಪ್ಪು. ಕೆಲವು ಪಠ್ಯಗಳು ಬ್ಯಾಟ್ನಾ ಒಪ್ಪಬಹುದಾದ ಕನಿಷ್ಠ ಮಟ್ಟವನ್ನು ನಿರ್ಧರಿಸುತ್ತದೆ ಎಂದು ಬರೆಯುತ್ತವೆ. ನಿರ್ಧರಿಸುತ್ತದೆ ಎಂಬುದು ನಿಜ, ಆದರೆ ಎರಡೂ ಒಂದೇ ಅಲ್ಲ.

ಈಗ ಎರಡು ಕಡೇ ರೇಟುಗಳೂ ಕೈಯಲ್ಲಿವೆ. ಮಾರುವವರು 3,20,000ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಕೊಳ್ಳುವವರು 3,85,000ಕ್ಕಿಂತ ಮೇಲೆ ಏರುವುದಿಲ್ಲ. ನಡುವಿನ 65,000 ರೂಪಾಯಿಯ ಜಾಗವೇ ಒಪ್ಪಂದದ ವಲಯ. ಈ ವಲಯದೊಳಗಿನ ಯಾವ ಬೆಲೆಗೆ ಮುಗಿದರೂ ಇಬ್ಬರಿಗೂ ತಮ್ಮ ತಮ್ಮ ಇನ್ನೊಂದು ದಾರಿಗಿಂತ ಲಾಭ. ಮಾತು 3,55,000ಕ್ಕೆ ಮುಗಿಯಿತು ಎಂದಿಟ್ಟುಕೊಂಡರೆ ಮಾರುವವರಿಗೆ ಡೀಲರ್‌ಗೆ ಮಾರಿದ್ದಕ್ಕಿಂತ 35,000 ಹೆಚ್ಚು, ಕೊಳ್ಳುವವರಿಗೆ ಇನ್ನೊಂದು ವ್ಯಾನಿಗಿಂತ 30,000 ಉಳಿತಾಯ. ಎರಡನ್ನೂ ಕೂಡಿದರೆ ಅದೇ 65,000. ಬೆಲೆಯನ್ನು ಎಲ್ಲಿಗೆ ಸರಿಸಿದರೂ ಈ ಮೊತ್ತ ಬದಲಾಗುವುದಿಲ್ಲ. ಇವರ ಜೇಬಿನಿಂದ ಅವರ ಜೇಬಿಗೆ ಹೋಗುತ್ತದೆ ಅಷ್ಟೇ. ಹಂಚಿಕೆಯ ಸಂಧಾನದ ಗುರುತು ಇದೇ. ಇಬ್ಬರಿಗೂ ಲಾಭವಾಯಿತಲ್ಲ, ಹಾಗಾದರೆ ಇದು ಸಮನ್ವಯದ ಸಂಧಾನ ಎನ್ನುವುದು ಸರಿಯಲ್ಲ. ಒಪ್ಪಂದ ಆದ ಯಾವುದೇ ಸಂಧಾನದಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ಏನಾದರೂ ಲಾಭ ಇದ್ದೇ ಇರುತ್ತದೆ, ಇಲ್ಲದಿದ್ದರೆ ಒಪ್ಪುತ್ತಿರಲಿಲ್ಲ. ಕೇಳಬೇಕಾದದ್ದು ಒಟ್ಟು ಲಾಭ ಹಿಗ್ಗಿತೇ ಎಂದು.

ಇಂಥ ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟ ಬೆಲೆಗೆ ವಿಶೇಷ ಬಲವಿದೆ. ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1974ರಲ್ಲಿ ತೋರಿಸಿದಂತೆ, ಒಂದು ಸಂಖ್ಯೆ ಕಿವಿಗೆ ಬಿದ್ದ ಮೇಲೆ ನಂತರದ ಅಂದಾಜುಗಳು ಅದರ ಸುತ್ತಲೇ ಸುಳಿಯುತ್ತವೆ. ಆ್ಯಡಂ ಗ್ಯಾಲಿನ್ಸ್ಕಿ ಮತ್ತು ಥಾಮಸ್ ಮುಸ್‌ವೈಲರ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮೊದಲ ಬೆಲೆ ಹೇಳಿದವರ ಕಡೆಗೇ ಅಂತಿಮ ಬೆಲೆ ವಾಲಿತು. ಅದೇ ಅಧ್ಯಯನದಲ್ಲಿ ಇದಕ್ಕೆ ಮದ್ದೂ ಸಿಕ್ಕಿತು: ಎದುರಿನವರ ಇನ್ನೊಂದು ದಾರಿ ಏನು, ಅವರ ಕಡೇ ರೇಟು ಎಷ್ಟಿರಬಹುದು, ತನ್ನ ಗುರಿ ಎಷ್ಟು ಎಂಬುದರ ಮೇಲೆ ಗಮನ ಇಟ್ಟವರಿಗೆ ಈ ಸೆಳೆತ ಅಷ್ಟಾಗಿ ತಟ್ಟಲಿಲ್ಲ. ಬೇಕರಿಯವರು 4,25,000 ಎಂಬುದನ್ನು ಕೇಳಿ ಅಲ್ಲಿಂದ ಇಳಿಸುತ್ತಾ ಬರುವ ಬದಲು, ಈ ಗಾಡಿಯನ್ನು ಡೀಲರ್ ಎಷ್ಟಕ್ಕೆ ಕೊಳ್ಳುತ್ತಾನೆ ಎಂದು ವಿಚಾರಿಸಿಕೊಂಡು ಬಂದಿದ್ದರೆ ಅವರ ನಿಲುವೇ ಬೇರೆಯಾಗುತ್ತಿತ್ತು.

ಬ್ಯಾಟ್ನಾದ ಬಗ್ಗೆ ಇನ್ನೊಂದು ಬಗೆಯ ಪ್ರಶ್ನೆ ಬರುತ್ತದೆ. ಮಾರುವವರು ‘ಆನ್‌ಲೈನ್‌ನಲ್ಲಿ ಹಾಕಿದರೆ ಯಾರಾದರೂ ನಾಲ್ಕು ಲಕ್ಷ ಕೊಟ್ಟಾರು’ ಅಂದುಕೊಂಡಿದ್ದಾರೆ ಎಂಬ ಸಾಲು ಸನ್ನಿವೇಶದಲ್ಲಿ ಸೇರಿರುತ್ತದೆ. ನಾಲ್ಕು ಲಕ್ಷದ ಆ ಗಿರಾಕಿ ಅವರ ಬ್ಯಾಟ್ನಾ ಅಲ್ಲ, ಏಕೆಂದರೆ ಅಂಥ ಗಿರಾಕಿ ಈಗ ಇಲ್ಲ. ಜಾಹೀರಾತು ಹಾಕಿ ಕಾಯುವುದು ಒಂದು ದಾರಿ ಹೌದು, ಆದರೆ ಅದಕ್ಕೆ ಬೆಲೆ ಕಟ್ಟುವಾಗ ಗಿರಾಕಿ ಬರುವ ಸಾಧ್ಯತೆ, ಕಾಯುವ ದಿನಗಳು, ಅಷ್ಟರಲ್ಲಿ ತೀರಬಹುದಾದ ವಿಮೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡೀಲರ್‌ನ ಮಾತಿಗೂ ಆಯುಸ್ಸಿದೆ; ಅವನು ನಾಳೆ ಬೇರೆ ಗಾಡಿ ಕೊಂಡರೆ ಈ ಬ್ಯಾಟ್ನಾ ಮುಗಿಯಿತು. ಮಾತುಕತೆಗೆ ಕೂರುವ ಮೊದಲು ಇನ್ನಿಬ್ಬರು ಡೀಲರ್‌ಗಳನ್ನು ಕೇಳಿ ಬರುವುದು, ಮಾತುಕತೆಯ ಮೇಜಿನಲ್ಲಿ ಮಾಡುವ ಎಷ್ಟೋ ಚಮತ್ಕಾರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬ್ಯಾಟ್ನಾವನ್ನು ಎದುರಿನವರಿಗೆ ಹೇಳಬೇಕೇ ಬೇಡವೇ ಎಂಬುದಕ್ಕೆ ಸರಳ ಸೂತ್ರವಿಲ್ಲದಿದ್ದರೂ ಲೆಕ್ಕ ಸರಳ. ಅದು ಎದುರಿನವರು ಊಹಿಸಿದ್ದಕ್ಕಿಂತ ಗಟ್ಟಿಯಾಗಿದ್ದರೆ ಹೇಳುವುದರಿಂದ ಲಾಭ, ದುರ್ಬಲವಾಗಿದ್ದರೆ ಬಾಯಿ ಮುಚ್ಚಿಕೊಂಡಿರುವುದು ಲೇಸು. ಇಲ್ಲದ ಬ್ಯಾಟ್ನಾವನ್ನು ಇದೆ ಎಂದು ಹೇಳುವುದು ಮಾತ್ರ ಅಪಾಯದ ಆಟ. ‘ಹಾಗಾದರೆ ಅವರಿಗೇ ಕೊಟ್ಟುಬಿಡಿ’ ಎಂದು ಎದುರಿನವರು ಎದ್ದು ಹೋದರೆ ವಾಪಸು ಕರೆಯುವ ಮಾತು ಬಾಯಿಗೆ ಬರುವುದಿಲ್ಲ.

ಇಲ್ಲಿಯವರೆಗಿನ ಸನ್ನಿವೇಶದಲ್ಲಿ ವಿಷಯ ಒಂದೇ, ಬೆಲೆ. ಪ್ರಶ್ನೆಪತ್ರಿಕೆ ಇದಕ್ಕೇ ಕೆಲವು ಸಾಲು ಸೇರಿಸಿದರೆ ಚಿತ್ರ ಬದಲಾಗುತ್ತದೆ. ಅಡುಗೆ ಕಾಂಟ್ರ್ಯಾಕ್ಟರ್‌ಗೆ ಇನ್ನು ಹತ್ತು ದಿನ ಸತತ ಮದುವೆ ಆರ್ಡರ್‌ಗಳಿವೆ. ಗಾಡಿಯನ್ನು ಇವತ್ತೇ ಕೊಟ್ಟುಬಿಟ್ಟರೆ ದಿನಕ್ಕೆ 2,000ದಂತೆ ಬಾಡಿಗೆ ವ್ಯಾನು ಹಿಡಿಯಬೇಕು, ಒಟ್ಟು 20,000 ಖರ್ಚು. ಡೀಲರ್‌ಗೆ ಮಾರಿದರೂ ಈ ಖರ್ಚು ತಪ್ಪದು, ಅವನಿಗೂ ಗಾಡಿ ತಕ್ಷಣ ಬೇಕು. ಬೇಕರಿಯವರ ಹೊಸ ಶಾಖೆ ತೆರೆಯುವುದು ಮುಂದಿನ ತಿಂಗಳು. ಹತ್ತು ದಿನ ಗಾಡಿ ಇಲ್ಲದಿದ್ದರೆ ಅವರಿಗೆ ಆಗೀಗ ಗೂಡ್ಸ್ ಆಟೋ ಹಿಡಿಯುವ 3,000 ರೂಪಾಯಿ ಖರ್ಚು, ಅಷ್ಟೇ. ಇನ್ನೊಂದು ವಿಷಯ: ಬೇಕರಿಯವರ ಬಳಿ ಒಂದು ಲಕ್ಷ ಕಡಿಮೆ ಬೀಳುತ್ತದೆ. ಎರಡು ತಿಂಗಳಿಗೆ ತಿಂಗಳಿಗೆ ಶೇ. 2ರ ಬಡ್ಡಿಯಂತೆ ಸಾಲ ತಂದರೆ 4,000 ಬಡ್ಡಿ. ಮಾರುವವರಿಗೆ ಆ ಒಂದು ಲಕ್ಷ ಈಗಲೇ ಬೇಕಿಲ್ಲ. ಬಂದರೂ ಉಳಿತಾಯ ಖಾತೆಯಲ್ಲಿ ಕೂರುತ್ತದೆ, ವರ್ಷಕ್ಕೆ ಶೇ. 3ರಂತೆ ಎರಡು ತಿಂಗಳಿಗೆ 500 ರೂಪಾಯಿ ಬಡ್ಡಿ ಸಿಗುತ್ತದೆ.

ಈಗ ವಿಷಯ ಮೂರಾಯಿತು: ಬೆಲೆ, ಗಾಡಿ ಒಪ್ಪಿಸುವ ದಿನ, ಹಣ ಕೊಡುವ ದಿನ. ಬೆಲೆಯಲ್ಲಿ ಇಬ್ಬರ ಹಿತವೂ ನೇರ ವಿರುದ್ಧ. ಉಳಿದ ಎರಡರಲ್ಲಿ ಹಾಗಿಲ್ಲ. ಗಾಡಿಯನ್ನು ಹತ್ತು ದಿನ ತಡವಾಗಿ ಕೊಟ್ಟರೆ ಮಾರುವವರಿಗೆ 20,000 ಉಳಿಯುತ್ತದೆ, ಕೊಳ್ಳುವವರಿಗೆ 3,000 ಹೊರೆ. ಇಬ್ಬರನ್ನೂ ಸೇರಿಸಿ ನೋಡಿದರೆ 17,000 ಹೊಸ ಲಾಭ. ಒಂದು ಲಕ್ಷವನ್ನು ಎರಡು ತಿಂಗಳು ತಡೆದರೆ ಕೊಳ್ಳುವವರಿಗೆ 4,000 ಉಳಿತಾಯ, ಮಾರುವವರಿಗೆ 500 ಖೋತಾ. ಹೊಸ ಲಾಭ 3,500. ಮೊದಲು 65,000 ಇದ್ದ ಒಟ್ಟು ಲಾಭ ಈಗ 85,500. ಮಾರುವವರು ಬೆಲೆಯಲ್ಲಿ 5,000 ಇಳಿಸಿ 3,50,000ಕ್ಕೆ ಒಪ್ಪಿದರೂ ಅವರ ಪಾಲು 49,500ಕ್ಕೆ ಏರುತ್ತದೆ: ಡೀಲರ್‌ಗಿಂತ 30,000 ಹೆಚ್ಚು, ಬಾಡಿಗೆಯ 20,000 ಉಳಿಕೆ, ಅದರಲ್ಲಿ 500 ಕಳೆದರೆ ಆಯಿತು. ಕೊಳ್ಳುವವರ ಪಾಲು 36,000. ಬರೀ ಬೆಲೆಗೆ ಗುದ್ದಾಡಿದಾಗ ಸಿಕ್ಕಿದ್ದು 35,000 ಮತ್ತು 30,000. ಅವರೇ ಇಬ್ಬರು, ಅದೇ ಗಾಡಿ, ಆದರೂ ಇಬ್ಬರ ಪಾಲೂ ಹೆಚ್ಚಿದೆ. ಒಂದು ವಿಷಯದಲ್ಲಿ ಬಿಟ್ಟುಕೊಟ್ಟು ಇನ್ನೊಂದರಲ್ಲಿ ಪಡೆಯುವ ಈ ಕೊಡುಕೊಳ್ಳುವಿಕೆಯನ್ನು ಪಠ್ಯಗಳು ಲಾಗ್‌ರೋಲಿಂಗ್ ಎನ್ನುತ್ತವೆ. ಸಮನ್ವಯದ ಸಂಧಾನದ ಮುಖ್ಯ ಉಪಾಯ ಇದು.

ಇಷ್ಟು ಸುಲಭವಿದ್ದರೆ ಎಲ್ಲರೂ ಯಾಕೆ ಹೀಗೆ ಮಾಡುವುದಿಲ್ಲ? ಎದುರಿನವರಿಗೆ ಒಳ್ಳೆಯದಾದರೆ ತನಗೆ ಕೆಟ್ಟದ್ದೇ ಆಗಬೇಕು ಎಂಬ ಊಹೆ ಮನುಷ್ಯರಲ್ಲಿ ಬಲವಾಗಿದೆ. ಮ್ಯಾಕ್ಸ್ ಬೇಜರ್‌ಮನ್, ಲೀ ಥಾಂಪ್ಸನ್ ಮೊದಲಾದ ಸಂಶೋಧಕರು 1980ರ ದಶಕದಿಂದ ಇದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಇಬ್ಬರೂ ಒಂದೇ ಫಲಿತಾಂಶವನ್ನು ಬಯಸುತ್ತಿದ್ದ ವಿಷಯದಲ್ಲೂ ಅದು ಗೊತ್ತಾಗದೆ ಬೇರೇನನ್ನೋ ಒಪ್ಪಿಕೊಂಡು ಎದ್ದವರು ಆ ಪ್ರಯೋಗಗಳಲ್ಲಿದ್ದರು. ವ್ಯಾನಿನ ಸನ್ನಿವೇಶದಲ್ಲಿ ಕಾಂಟ್ರ್ಯಾಕ್ಟರ್ ಮದುವೆ ಆರ್ಡರ್‌ಗಳ ಮಾತೆತ್ತದಿದ್ದರೆ, ಬೇಕರಿಯವರು ಶಾಖೆ ತೆರೆಯುವ ದಿನ ಹೇಳದಿದ್ದರೆ, 20,500 ರೂಪಾಯಿ ಯಾರಿಗೂ ಸಿಗದೆ ಹೋಗುತ್ತದೆ. ಹೋದದ್ದು ಯಾರ ಲೆಕ್ಕದ ಪುಸ್ತಕದಲ್ಲೂ ನಷ್ಟವೆಂದು ಕಾಣದಿರುವುದರಿಂದ ಇದು ಮರುಕಳಿಸುತ್ತಲೇ ಇರುತ್ತದೆ.

ಪರೀಕ್ಷೆಯಲ್ಲಿ ಹೆಚ್ಚು ಅಂಕ ತಿನ್ನುವುದು ರಾಜಿ ಎಂಬ ಆಯ್ಕೆ. ‘ನಿಮಗೂ ಬೇಡ ನಮಗೂ ಬೇಡ, ಐದು ದಿನಕ್ಕೆ ಗಾಡಿ ಒಪ್ಪಿಸಿ’ ಎಂದು ಅರ್ಧಕ್ಕೆ ನಿಲ್ಲಿಸಿದರೆ ನ್ಯಾಯವಾಗಿ ಕಾಣುತ್ತದೆ, ವಿದ್ಯಾರ್ಥಿಗಳು ಅದನ್ನೇ ಸಮನ್ವಯ ಎಂದು ಗುರುತಿಸುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ಐದು ದಿನವಾದರೆ ಮಾರುವವರಿಗೆ ಉಳಿಯುವುದು 10,000, ಕೊಳ್ಳುವವರಿಗೆ ಬೀಳುವುದು 1,500. ಹೊಸ ಲಾಭ 17,000ದ ಬದಲು 8,500. ಅರ್ಧ ಲಾಭ ಹಾಗೇ ಸೋರಿಹೋಯಿತು. ಈ ವ್ಯತ್ಯಾಸವನ್ನು ಎಲ್ಲರಿಗಿಂತ ಮೊದಲು ಖಚಿತವಾಗಿ ಹೇಳಿದವರು ಅಮೆರಿಕದ ಮೇರಿ ಪಾರ್ಕರ್ ಫಾಲೆಟ್. ಭಿನ್ನಾಭಿಪ್ರಾಯವನ್ನು ತೀರಿಸಲು ಮೂರು ದಾರಿಗಳಿವೆ ಎಂದು ಅವರು 1925ರ ಉಪನ್ಯಾಸದಲ್ಲಿ ವಿವರಿಸಿದರು: ಒಬ್ಬರು ಗೆಲ್ಲುವುದು, ಇಬ್ಬರೂ ಸ್ವಲ್ಪ ಸ್ವಲ್ಪ ಬಿಡುವುದು, ಇಬ್ಬರೂ ಏನನ್ನೂ ಬಿಡಬೇಕಿಲ್ಲದ ಮೂರನೆಯ ಪರಿಹಾರ ಹುಡುಕುವುದು. ಅವರು ಕೊಟ್ಟ ಉದಾಹರಣೆ ಹಾರ್ವರ್ಡ್ ಗ್ರಂಥಾಲಯದ ಒಂದು ಸಣ್ಣ ಕೋಣೆಯದು. ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್ ಅವರಿಗೆ ಮುಚ್ಚಿರಬೇಕು. ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿಯನ್ನು ತೆರೆದರು. ಅವರಿಗೆ ಬೇಕಿದ್ದದ್ದು ಕೋಣೆಗೆ ಗಾಳಿ, ಇವರಿಗೆ ಬೇಡವಾಗಿದ್ದದ್ದು ಮೈಮೇಲೆ ನೇರ ಬೀಸುವ ಬಡಗಣ ಗಾಳಿ. ಕಿಟಕಿಯನ್ನು ಅರ್ಧ ತೆರೆದಿದ್ದರೆ ರಾಜಿಯಾಗುತ್ತಿತ್ತು, ಇಬ್ಬರಿಗೂ ಅಸಮಾಧಾನ ಉಳಿಯುತ್ತಿತ್ತು.

ಕೇಳಿದ್ದು ಒಂದು, ಅದರ ಹಿಂದಿನ ಕಾರಣ ಇನ್ನೊಂದು ಎಂಬ ಈ ಭೇದವನ್ನು ಪಠ್ಯಗಳು ನಿಲುವು ಮತ್ತು ಹಿತ ಎಂದು ಬೇರ್ಪಡಿಸುತ್ತವೆ. ದೇಶಗಳ ನಡುವೆ ಇದು ಕೆಲಸ ಮಾಡಿದ್ದಕ್ಕೆ ಸಿನಾಯ್ ಮರುಭೂಮಿಯ ಪ್ರಕರಣವನ್ನು ಫಿಶರ್ ಮತ್ತು ಯೂರಿ ತಮ್ಮ ಪುಸ್ತಕದಲ್ಲಿ ಬಳಸಿದ್ದಾರೆ. 1967ರ ಯುದ್ಧದಲ್ಲಿ ಇಸ್ರೇಲ್ ಈಜಿಪ್ಟಿನಿಂದ ಸಿನಾಯ್ ವಶಪಡಿಸಿಕೊಂಡಿತ್ತು. 1978ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕ್ಯಾಂಪ್ ಡೇವಿಡ್‌ನಲ್ಲಿ ಅನ್ವರ್ ಸಾದತ್ ಮತ್ತು ಮೆನಾಹೆಮ್ ಬೆಗಿನ್ ಅವರನ್ನು 13 ದಿನ ಕೂರಿಸಿಕೊಂಡರು. ನಕ್ಷೆಯ ಮೇಲೆ ಗೆರೆ ಎಳೆದು ಸಿನಾಯ್‌ಯನ್ನು ಪಾಲು ಮಾಡುವ ಯಾವ ಯೋಜನೆಯೂ ನಡೆಯುವಂತಿರಲಿಲ್ಲ. ಈಜಿಪ್ಟಿಗೆ ಒಂದಿಂಚೂ ಬಿಡಲು ಮನಸ್ಸಿಲ್ಲ, ಇಸ್ರೇಲಿಗೆ ಗಡಿಯಲ್ಲಿ ಈಜಿಪ್ಟಿನ ಟ್ಯಾಂಕುಗಳು ಬಂದು ನಿಲ್ಲುವ ಭಯ. ಒಂದು ದೇಶದ ಹಿತ ಸಾರ್ವಭೌಮತ್ವ, ಇನ್ನೊಂದರದ್ದು ಭದ್ರತೆ. ಇಡೀ ಸಿನಾಯ್ ಈಜಿಪ್ಟಿಗೆ ಮರಳಿತು, ಅದರ ಹೆಚ್ಚಿನ ಭಾಗದಲ್ಲಿ ಈಜಿಪ್ಟಿನ ಸೇನೆಗೆ ಕಟ್ಟುನಿಟ್ಟಿನ ಮಿತಿ ಬಿತ್ತು. ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1979ರ ಮಾರ್ಚ್ 26ರಂದು, ಇಸ್ರೇಲಿ ಸೇನೆ ಪೂರ್ತಿ ತೆರವಾದದ್ದು 1982ರ ಏಪ್ರಿಲ್‌ನಲ್ಲಿ. ಅದೇ ಕ್ಯಾಂಪ್ ಡೇವಿಡ್‌ನಲ್ಲಿ ಪಶ್ಚಿಮ ದಂಡೆ ಮತ್ತು ಗಾಜಾ ಕುರಿತು ಆದ ಒಪ್ಪಂದ ಇಂಥ ಫಲ ಕೊಡಲಿಲ್ಲ ಎಂಬುದನ್ನೂ ಪಠ್ಯಗಳು ಸೇರಿಸಿ ಹೇಳಬೇಕಿತ್ತು. ಅಲ್ಲಿ ಪ್ಯಾಲೆಸ್ತೀನಿಯರೇ ಮಾತುಕತೆಯಲ್ಲಿರಲಿಲ್ಲ.

ಸಮನ್ವಯ ಎಂದ ಕೂಡಲೇ ಹಂಚಿಕೆ ಮಾಯವಾಗುತ್ತದೆ ಎಂದೂ ತಿಳಿಯಬಾರದು. ವ್ಯಾನಿನ ಒಪ್ಪಂದದಲ್ಲಿ ಒಟ್ಟು ಲಾಭ 85,500 ಆದದ್ದು ಗಾಡಿಯ ದಿನ ಮತ್ತು ಹಣದ ದಿನದಿಂದ. ಅದರಲ್ಲಿ ಯಾರಿಗೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಬೆಲೆಯೇ, ಮತ್ತು ಅಲ್ಲಿ ಹಳೆಯ ಹಗ್ಗಜಗ್ಗಾಟ ಹಾಗೇ ಇದೆ. ಡೇವಿಡ್ ಲ್ಯಾಕ್ಸ್ ಮತ್ತು ಜೇಮ್ಸ್ ಸೆಬೆನಿಯಸ್ 1986ರ ಪುಸ್ತಕದಲ್ಲಿ ಇದನ್ನು ಸಂಧಾನಕಾರನ ಇಕ್ಕಟ್ಟು ಎಂದು ವಿವರಿಸಿದರು. ಲಾಭ ಹಿಗ್ಗಬೇಕಾದರೆ ಮನಸ್ಸಿನಲ್ಲಿರುವುದನ್ನು ಹೇಳಬೇಕು, ಹೇಳಿದರೆ ಎದುರಿನವರು ಅದನ್ನೇ ಹಿಡಿದು ಹಿಂಡಬಹುದು. ಕಾಂಟ್ರ್ಯಾಕ್ಟರ್ ‘ಹತ್ತು ದಿನ ಗಾಡಿ ನನ್ನ ಹತ್ತಿರ ಇರಲಿ’ ಎಂದರೆ ಲಾಭದ ಬಾಗಿಲು ತೆರೆಯುತ್ತದೆ. ‘ಇಲ್ಲದಿದ್ದರೆ ನನಗೆ ಇಪ್ಪತ್ತು ಸಾವಿರ ಖರ್ಚು’ ಎಂದೂ ಸೇರಿಸಿದರೆ ಬೇಕರಿಯವರು ‘ಹಾಗಾದರೆ ಬೆಲೆಯಲ್ಲಿ ಹದಿನೈದು ಇಳಿಸಿ’ ಎನ್ನುತ್ತಾರೆ. ಯಾವುದು ಹೆಚ್ಚು ಮುಖ್ಯ, ಯಾವುದು ಕಡಿಮೆ ಎಂಬ ಅನುಕ್ರಮವನ್ನು ಹೇಳಿ, ಕಡೇ ರೇಟನ್ನು ಹೇಳದಿರುವುದು ಈ ಇಕ್ಕಟ್ಟಿನಿಂದ ಪಾರಾಗಲು ಇರುವ ನಡುದಾರಿ. ಇನ್ನೊಂದು ಉಪಾಯ ಎರಡು ಪ್ರಸ್ತಾವಗಳನ್ನು ಒಟ್ಟಿಗೆ ಮುಂದಿಡುವುದು: ‘ಇವತ್ತೇ ಗಾಡಿ ಬೇಕೆಂದರೆ 3,70,000, ಹತ್ತು ದಿನ ಬಿಟ್ಟಾದರೆ 3,55,000, ಯಾವುದು ಬೇಕು ನೋಡಿ’. ಎದುರಿನವರು ಯಾವುದರ ಕಡೆ ವಾಲುತ್ತಾರೆ ಎಂಬುದರಿಂದಲೇ ಅವರ ತೂಕ ತಿಳಿಯುತ್ತದೆ, ಯಾರೂ ಗುಟ್ಟು ಬಿಟ್ಟುಕೊಡಬೇಕಿಲ್ಲ.

ಸಮನ್ವಯಕ್ಕೆ ನಂಬಿಕೆ ಬೇಕು, ನಂಬಿಕೆಗೂ ಖರ್ಚಿದೆ. ಒಂದು ಲಕ್ಷವನ್ನು ಎರಡು ತಿಂಗಳು ಬಿಟ್ಟುಕೊಡುವಾಗ ಮಾರುವವರ ಕಣ್ಣಿಗೆ ಬರುವುದು 500 ರೂಪಾಯಿ ಬಡ್ಡಿಯಲ್ಲ, ಚೆಕ್ ವಾಪಸಾದರೆ ಏನು ಗತಿ ಎಂಬುದು. ನೂರರಲ್ಲಿ ನಾಲ್ಕು ಬಾರಿ ಹಣ ಮುಳುಗುವ ಸಂಭವವಿದೆ ಎಂದುಕೊಂಡರೂ ಅದರ ತೂಕ 4,000 ರೂಪಾಯಿ. ಕೊಳ್ಳುವವರಿಗೆ ಆಗುವ ಉಳಿತಾಯವೂ ಅಷ್ಟೇ. ಆಗ ಈ ವಿಷಯದಿಂದ ಯಾವ ಹೊಸ ಲಾಭವೂ ಹುಟ್ಟುವುದಿಲ್ಲ, ಅದನ್ನು ಕೈಬಿಡುವುದೇ ಸರಿ. ಗಾಡಿಯ ಹತ್ತು ದಿನದಲ್ಲೂ ಅಪಘಾತವಾದರೆ ಯಾರು ಹೊಣೆ, ಆರ್.ಸಿ. ವರ್ಗಾವಣೆ ಯಾವಾಗ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಮತ್ತೆಂದೂ ಭೇಟಿಯಾಗದ ಇಬ್ಬರ ನಡುವಿನ ಒಂದೇ ಸಲದ ವ್ಯಾಪಾರದಲ್ಲಿ ಇಷ್ಟೆಲ್ಲ ಏರ್ಪಾಡು ದುಬಾರಿ. ವರ್ಷಗಟ್ಟಲೆ ಜೊತೆಗಿರುವ ಕಾರ್ಮಿಕ ಸಂಘ ಮತ್ತು ಆಡಳಿತ ಮಂಡಳಿ, ಕಂಪನಿ ಮತ್ತು ಸರಬರಾಜುದಾರರ ಸನ್ನಿವೇಶಗಳಿಗೆ ಪಠ್ಯಗಳು ಸಮನ್ವಯವನ್ನು ಸೂಚಿಸುವುದು ಇದೇ ಕಾರಣಕ್ಕೆ. ಸಂಬಂಧ ದೀರ್ಘವಾದ್ದರಿಂದಲೇ ಅಲ್ಲಿ ಎಲ್ಲವೂ ಸಮನ್ವಯವಾಗಿಬಿಡುವುದಿಲ್ಲ. ಬೋನಸ್ ಶೇಕಡಾ ಎಷ್ಟು ಎಂಬ ಒಂದೇ ಪ್ರಶ್ನೆಗೆ ಕೂತಾಗ ಅವರೂ ಹಂಚಿಕೆಯ ಸಂಧಾನವನ್ನೇ ಮಾಡುತ್ತಾರೆ.

ಉಳಿದದ್ದು ಒಪ್ಪಂದವೇ ಬೇಡವಾಗುವ ಸನ್ನಿವೇಶ. ಡೀಲರ್ ಕೊಡುವ ಬೆಲೆ ಖರ್ಚು ಕಳೆದು 3,90,000 ಎಂದಾದರೆ, ಕೊಳ್ಳುವವರ ಮಿತಿ 3,85,000 ಆಗಿರುವುದರಿಂದ ಎರಡು ಕಡೇ ರೇಟುಗಳು ಒಂದನ್ನೊಂದು ಮುಟ್ಟುವುದಿಲ್ಲ. ಬೆಲೆಯೊಂದೇ ಚರ್ಚೆಯಲ್ಲಿದ್ದರೆ ಸರಿಯಾದ ಉತ್ತರ ‘ಕೈ ಮುಗಿದು ಎದ್ದು ಹೋಗುವುದು’. ಇನ್ನಷ್ಟು ಮನವೊಲಿಸುವುದು, ಐದು ಸಾವಿರವನ್ನು ಅರ್ಧರ್ಧ ಹಂಚಿಕೊಳ್ಳುವುದು ಎಂಬ ಆಯ್ಕೆಗಳು ತಪ್ಪು, ಏಕೆಂದರೆ ಹಾಗೆ ಒಪ್ಪಿದರೆ ಇಬ್ಬರೂ ತಮ್ಮ ಇನ್ನೊಂದು ದಾರಿಗಿಂತ ಕೆಟ್ಟದ್ದನ್ನು ಆರಿಸಿದಂತೆ. ಆದರೆ ಗಾಡಿ ಒಪ್ಪಿಸುವ ದಿನವೂ ಚರ್ಚೆಗೆ ಬರಬಹುದು ಎಂದು ಪ್ರಶ್ನೆಯಲ್ಲಿದ್ದರೆ ಲೆಕ್ಕ ಮತ್ತೆ ಹಾಕಬೇಕು. ಹತ್ತು ದಿನ ಗಾಡಿ ಇಟ್ಟುಕೊಳ್ಳುವಂತಾದರೆ ಮಾರುವವರಿಗೆ ಬೇಕರಿಯವರಿಂದ 3,70,000 ಬಂದರೂ ಡೀಲರ್‌ನ 3,90,000ಕ್ಕೆ ಸಮ. ಕೊಳ್ಳುವವರ ಮಿತಿ ಆಟೋ ಖರ್ಚು ಕಳೆದು 3,82,000ಕ್ಕೆ ಇಳಿಯುತ್ತದೆ. ಮುಚ್ಚಿದ್ದ ವಲಯ 12,000 ರೂಪಾಯಿಯಷ್ಟು ತೆರೆದುಕೊಳ್ಳುತ್ತದೆ, ಮತ್ತು ಅಲ್ಲಿ ‘ಎದ್ದು ಹೋಗುವುದು’ ಎಂದು ಗುರುತು ಹಾಕಿದವರಿಗೆ ಅಂಕವಿಲ್ಲ.